ಕಿವಿ ಮಷಿನ್ "ಬೆವರಿಗೆ ಹೋಗಿದೆ" ಅಂದ ಕೂಡಲೇ ದುಡ್ಡು ಎಣಿಸಬೇಡಿ

ಏಳೂವರೆ ಸಾವಿರ. ಅದಕ್ಕಿಂತ ಹೆಚ್ಚು ಹೊಟ್ಟೆ ಉರಿಯುವುದು ಅಪ್ಪನಿಗೆ ಬೈದದ್ದಕ್ಕೆ. ಎರಡೂ ವಾಪಸ್ ಬರುವುದಿಲ್ಲ. ಮನೆಯಲ್ಲಿ ಹಿಯರಿಂಗ್ ಏಡ್ ಹಾಕುವವರು ಇದ್ದರೆ ಇದನ್ನು ಓದಿ, ಮಂಗಳೂರಿನಂಥ ಬೆವರಿನ ಊರಾದರೆ ಎರಡು ಸಲ ಓದಿ.

ಡಿಸೆಂಬರ್‌ನಲ್ಲಿ ಅಪ್ಪನಿಗೆ ಎರಡೂ ಕಿವಿಗೆ ಮಷಿನ್ ತೆಗೆದುಕೊಂಡೆವು. ಕಿವಿಯ ಹಿಂದೆ ಪುಟ್ಟ ಮಷಿನ್, ಅದರಿಂದ ಕೂದಲಿನಷ್ಟು ಸಪೂರ ವಯರ್, ಅದರ ತುದಿಯಲ್ಲಿ ಕಿವಿಯೊಳಗೆ ಕೂರುವ ರಿಸೀವರ್. ರಿಸೀವರ್ ಅಂದರೆ ಸಣ್ಣ ಸ್ಪೀಕರ್, ಅಷ್ಟೇ. ಅಂಗಡಿಯ ಹುಡುಗ "ಐಪಿ 68 ಸರ್, ನೀರಿಗೆ ಬಿದ್ದರೂ ಎಂತದೂ ಆಗುದಿಲ್ಲ" ಅಂದ. ಬೆವರಿನ ಬಗ್ಗೆ ಕೇಳಿದೆ. "ಎಲ್ಲ ಓಕೆ ಸರ್" ಅಂದ. ಬಾಕ್ಸ್ ಕೊಟ್ಟು, ವಾಲ್ಯೂಮ್ ತೋರಿಸಿ, ಸಹಿ ಹಾಕಿಸಿಕೊಂಡು ಕಳಿಸಿದರು. ಬಾಕ್ಸ್‌ನೊಳಗೆ ಏನೇನೋ ಇತ್ತು. ಸ್ಪೇರ್ ಇರಬೇಕು ಅಂತ ಬಿಲ್ ಜೊತೆ ಕಪಾಟಿನಲ್ಲಿಟ್ಟೆ. ಆ ಬಾಕ್ಸ್ ನೆನಪಿಟ್ಟುಕೊಳ್ಳಿ.

ಏಪ್ರಿಲ್ ಬಂತು. ನಮ್ಮ ಕಡೆ ಏಪ್ರಿಲ್ ಹೇಗೆ ಅಂತ ಹೇಳಬೇಕಾಗಿಲ್ಲ, ಫ್ಯಾನ್ ಕೆಳಗೆ ಕೂತರೂ ಬೆನ್ನಿಗೆ ಅಂಗಿ ಅಂಟುತ್ತದೆ. ಅಪ್ಪನ ಎಡಗಿವಿಯ ಮಷಿನ್ ದಿನಕ್ಕಿಷ್ಟು ಅಂತ ಮಂದವಾಗುತ್ತಾ ಹೋಯಿತು. ಹೊಸ ಬ್ಯಾಟರಿ ಹಾಕಿದರೂ ಅಷ್ಟೇ. ಅಂಗಡಿಗೆ ಕೊಂಡುಹೋದೆ. ಒಳಗೆ ತೆಗೆದುಕೊಂಡು ಹೋಗಿ ಹತ್ತು ನಿಮಿಷದಲ್ಲಿ ಬಂದರು.

"ರಿಸೀವರ್ ಹೋಗಿದೆ ಸರ್. ಮಾಯಿಶ್ಚರ್ ಡ್ಯಾಮೇಜ್. ವಾರಂಟಿ ಬರುದಿಲ್ಲ."

ಐಪಿ 68 ಅಂದಿರಲ್ಲ ಅಂದೆ.

"ಅದು ನೀರಿಗೆ ಸರ್. ಬೆವರು ನೀರಲ್ಲ ಅಲ್ವಾ, ಉಪ್ಪು. ನಿಮ್ಮ ತಂದೆಗೆ ಬೆವರು ಸ್ವಲ್ಪ ಜಾಸ್ತಿ."

ಮಾರುವಾಗ ಇಲ್ಲದ ಉಪ್ಪು ರಿಪೇರಿಗೆ ಬಂದಾಗ ಇತ್ತು! ಆದರೂ ಕೊಟ್ಟೆ. ಏಳೂವರೆ ಸಾವಿರ ಕೊಟ್ಟೆ. ಹಳೆಯ ರಿಸೀವರ್ ಕೇಳಿದರೆ "ಅದು ಕಂಪನಿಗೆ ಹೋಗ್ತದೆ" ಅಂದರು. ಮನೆಗೆ ಬಂದು ಅಪ್ಪನಿಗೆ ಬೈದೆ. ಇಷ್ಟು ದುಡ್ಡಿನ ಸಾಮಾನು, ಸ್ವಲ್ಪ ನೋಡಿಕೊಳ್ಳಬಾರದಾ ಅಂತ. ಅಪ್ಪ ಏನೂ ಹೇಳಲಿಲ್ಲ. ಮಾರನೇ ದಿನದಿಂದ ವಾಕಿಂಗ್‌ಗೆ ಮಷಿನ್ ತೆಗೆದಿಟ್ಟು ಹೋಗತೊಡಗಿದರು. ಹಿಂದಿನಿಂದ ಸ್ಕೂಟರ್ ಬಂದರೂ ಕೇಳುವುದಿಲ್ಲ ಅವರಿಗೆ.

ಮೂರು ವಾರಕ್ಕೆ ಬಲಗಿವಿಯದ್ದೂ ಅದೇ ಕಥೆ. ಅಂಗಡಿಯವರದ್ದೂ ಅದೇ ಉತ್ತರ. "ಈ ಸೈಡಿಂದೂ ಹೋಗಿದೆ ಸರ್, ಎಂತ ಮಾಡುದು." ಈ ಸಲ ನಾಳೆ ಬರುತ್ತೇನೆ ಅಂತ ಮಷಿನ್ ಎತ್ತಿಕೊಂಡು ಬಂದೆ. ಸಂಬಂಧಿಕರ ಹುಡುಗಿಯೊಬ್ಬಳು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಈಗ ಆಡಿಯಾಲಜಿಸ್ಟ್ ಆಗಿದ್ದಾಳೆ. ಬಾಕ್ಸ್ ಸಮೇತ ಅವಳ ಹತ್ತಿರ ಹೋದೆ.

ಅವಳು ಮೊದಲು ಮಷಿನ್ ಬಿಚ್ಚಲೇ ಇಲ್ಲ. ರಿಸೀವರ್ ತುದಿಯ ರಬ್ಬರ್ ಟೊಪ್ಪಿ ಎಳೆದಳು. ಅದಕ್ಕೆ ಡೋಮ್ ಅನ್ನುತ್ತಾರೆ. ಭೂತಗನ್ನಡಿ ಕೊಟ್ಟು "ನೋಡಿ ಮಾವ" ಅಂದಳು. ಸಾಸಿವೆ ಕಾಳಿಗಿಂತ ಚಿಕ್ಕ ಬಿಳಿ ಜಾಲರಿ ಇರಬೇಕಾದ ಜಾಗದಲ್ಲಿ ಬೆಲ್ಲದ ಬಣ್ಣದ ಒಂದು ಮುಚ್ಚಳ. ಗುಗ್ಗೆ. ಕಿವಿಯ ಗುಗ್ಗೆ ಬೆವರಿಗೆ ಮೆತ್ತಗಾಗಿ ಜಾಲರಿಗೆ ಮೆತ್ತಿಕೊಂಡು, ರಾತ್ರಿ ಒಣಗಿ, ಮತ್ತೆ ಮೆತ್ತಿಕೊಂಡು ಗಟ್ಟಿಯಾಗಿತ್ತು. ಆ ಜಾಲರಿಗೆ ವ್ಯಾಕ್ಸ್ ಗಾರ್ಡ್ ಅಂತ ಹೆಸರು. ನನ್ನ ಬಾಕ್ಸ್‌ನಿಂದಲೇ ಒಂದು ಪೊಟ್ಟಣ ತೆಗೆದಳು. ಒಳಗೆ ಚಿಕ್ಕ ಚಿಕ್ಕ ಪ್ಲಾಸ್ಟಿಕ್ ಕಡ್ಡಿ. ಒಂದು ತುದಿ ಚುಚ್ಚಿ ಎಳೆದರೆ ಹಳೆಯ ಜಾಲರಿ ಬರುತ್ತದೆ, ಕಡ್ಡಿ ತಿರುಗಿಸಿ ಇನ್ನೊಂದು ತುದಿ ಒತ್ತಿದರೆ ಹೊಸದು ಕೂರುತ್ತದೆ. ಅರ್ಧ ನಿಮಿಷ. ಅರ್ಧ ನಿಮಿಷ ಮಾರಾಯ್ರೆ! ಅಪ್ಪನ ಕಿವಿಗೆ ಹಾಕಿದಳು. ಅಪ್ಪ ಮೇಲೆ ನೋಡಿ "ಫ್ಯಾನ್ ಇಷ್ಟು ಶಬ್ದ ಮಾಡ್ತದಾ?" ಅಂದರು.

ನನಗೆ ಮುಖ ಎಲ್ಲಿ ಇಡಬೇಕೋ ಗೊತ್ತಾಗಲಿಲ್ಲ. ನಾಲ್ಕು ತಿಂಗಳಿಂದ ಔಷಧಿ ಕಪಾಟಿನಲ್ಲೇ ಇತ್ತು. ಎಡಗಿವಿಯದ್ದೂ ಇದೇ ಆಗಿತ್ತಾ? ಹಳೆಯ ರಿಸೀವರ್ ಕೈಯಲ್ಲಿಲ್ಲ, ಎದೆ ತಟ್ಟಿ ಹೇಳಲಾರೆ. ಕೊಡದೇ ಇದ್ದದ್ದು ಯಾಕೆ ಅಂತ ನೀವೇ ಯೋಚಿಸಿ.

ಅಂಗಡಿಗೆ ಫೋನ್ ಮಾಡಿ ಕೇಳಿದೆ. ಉತ್ತರ ಹೀಗಿತ್ತು: "ಬಾಕ್ಸಲ್ಲಿ ಎಲ್ಲ ಇತ್ತಲ್ಲ ಸರ್. ಮ್ಯಾನುಯಲ್ ಓದಬೇಕಿತ್ತು ನೀವು." ಆ ಮ್ಯಾನುಯಲ್‌ನಲ್ಲಿ ಒಂದಕ್ಷರ ಕನ್ನಡ ಇಲ್ಲ. ಅದೂ ಹೋಗಲಿ, ಜಾಲರಿ ಬದಲಿಸಿ ನೋಡಿದಿರಾ ಅಂದರೆ "ಟೆಕ್ನೀಶಿಯನ್ ಇಲ್ಲ, ನಾಳೆ ಮಾಡಿ". ನಾಳೆ, ನಾಡಿದ್ದು, ಅದೇ ನಾಳೆ.

ಇನ್ನು ನಮ್ಮ ತಪ್ಪು. ಎಡಗಡೆ ಮಷಿನ್‌ನ ಬ್ಯಾಟರಿ ಬಾಗಿಲು ತೆರೆದರೆ ಒಳಗಿನ ಲೋಹದ ಮೇಲೆ ಹಸಿರು ಪಾಚಿಯಂತೆ ಕಂಡಿತು. ಅದು ನಿಜವಾಗಿ ಬೆವರಿನದ್ದೇ ಕೆಲಸ. ಅವಳು ಹೇಳಿದ್ದು ಇಷ್ಟು: ಐಪಿ ಪರೀಕ್ಷೆ ಲ್ಯಾಬ್‌ನಲ್ಲಿ ಸಾದಾ ನೀರಿನಲ್ಲಿ ಆಗುತ್ತದೆ, ದಿನವಿಡೀ ಉಪ್ಪು ಬೆವರಿನಲ್ಲಿ ಅಲ್ಲ. ಅಂದರೆ ಅಂಗಡಿ ಹುಡುಗ ಉಪ್ಪಿನ ಬಗ್ಗೆ ಹೇಳಿದ್ದು ಸುಳ್ಳಲ್ಲ, ಹೇಳಿದ ಸಮಯ ಮಾತ್ರ ಮೋಸದ್ದು.

ತೇವವೋ ಗುಗ್ಗೆಯೋ ಅಂತ ಊಹಿಸುವುದನ್ನೂ ಅವಳೇ ಕಲಿಸಿದಳು. ಬೆಳಿಗ್ಗೆ ಸರಿಯಿದ್ದು, ಬೆವರಿದ ಮೇಲೆ ಕೊರಕೊರ ಅಂದು, ಬಂದು ಹೋಗಿ ಮಾಡಿದರೆ ಹೆಚ್ಚಾಗಿ ತೇವ. ದಿನೇ ದಿನೇ ಮಂದವಾಗಿ, ಬ್ಯಾಟರಿ ಹೊಸದಾದರೂ ಏಳದಿದ್ದರೆ ಮೊದಲು ಜಾಲರಿ ನೋಡಿ. ಅದು ಬದಲಿಸಿದ ಮೇಲೂ ಶಬ್ದ ಇಲ್ಲದಿದ್ದರೆ ಆಗ ರಿಸೀವರ್ ಮಾತು.

ಈಗ ನಮ್ಮ ಮನೆಯಲ್ಲಿ ರಾತ್ರಿ ಹೀಗೆ. ಮಷಿನ್ ತೆಗೆದು ಒಣ ಹತ್ತಿ ಬಟ್ಟೆಯಲ್ಲಿ ಒರೆಸುವುದು. ಸ್ಪಿರಿಟ್ ಬೇಡ, ಒದ್ದೆ ಬಟ್ಟೆ ಬೇಡ. ಬ್ಯಾಟರಿ ತೆಗೆದು ಬಾಗಿಲು ತೆರೆದಿಟ್ಟು, ಮಷಿನ್ ಮಾತ್ರ ಗಾಳಿಯಾಡದ ಡಬ್ಬಿಗೆ, ಜೊತೆಗೆ ಸಿಲಿಕಾ ಜೆಲ್. ಬ್ಯಾಟರಿ ಆ ಡಬ್ಬಿಗೆ ಹಾಕಬೇಡಿ. ಅದು ತೂತಿನಿಂದ ಗಾಳಿ ಎಳೆದುಕೊಳ್ಳುವ ಜಾತಿ, ಒಣಗಿಸಿದರೆ ಬೇಗ ಸಾಯುತ್ತದೆ. ನಮ್ಮ ಜೆಲ್ ಕಿತ್ತಳೆ ಬಣ್ಣದ್ದು, ಹಸಿರಾದರೆ ಅದರ ಕೆಲಸ ಮುಗಿಯಿತು. ಹೊಸ ಹಪ್ಪಳವೇ ಮೆತ್ತಗಾಗುವ ಊರು ನಮ್ಮದು, ಮಳೆಗಾಲದಲ್ಲಿ ಮೂರು ವಾರಕ್ಕೇ ಹಸಿರಾಯಿತು. ಅಕ್ಕಿ ಡಬ್ಬಿಯಲ್ಲಿ ಹುಗಿಯುವುದು, ಹೇರ್ ಡ್ರೈಯರ್, ಬಿಸಿಲು, ಇವು ಯಾವುದೂ ಬೇಡ. ಅಕ್ಕಿಯ ಧೂಳು ತೂತಿಗೆ ಹೋಗುತ್ತದೆ, ಬಿಸಿ ಒಳಗಿನದನ್ನು ಹಾಳುಮಾಡುತ್ತದೆ.

ಬ್ರಷ್ ಮಾಡುವುದು ಬೆಳಿಗ್ಗೆ. ರಾತ್ರಿ ಒಣಗಿದ ಗುಗ್ಗೆ ಪುಡಿಯಾಗಿ ಉದುರುತ್ತದೆ. ತೂತು ಕೆಳಮುಖವಾಗಿ ಹಿಡಿಯಿರಿ, ಇಲ್ಲದಿದ್ದರೆ ಉದುರಿದ್ದು ಒಳಗೇ ಹೋಗುತ್ತದೆ. ಜಾಲರಿ ನಮಗೆ ತಿಂಗಳಿಗೊಂದು ಬೇಕಾಗುತ್ತದೆ. ಅಪ್ಪನ ತೆಂಗಿನೆಣ್ಣೆ ಇನ್ನೊಂದು ಜಗಳ. ತಲೆಯಿಂದ ಇಳಿದ ಎಣ್ಣೆ ಮೈಕಿನ ತೂತಿಗೆ ಹೋಗುತ್ತಿತ್ತು. ಈಗ ಎಣ್ಣೆ ಹಚ್ಚುವುದು ರಾತ್ರಿ, ಮಷಿನ್ ತೆಗೆದ ಮೇಲೆ. ಕಿವಿಗೆ ಕಡ್ಡಿ ಹಾಕುವುದನ್ನು ನಿಲ್ಲಿಸಿ ಇಎನ್‌ಟಿ ಡಾಕ್ಟರ ಹತ್ತಿರ ಗುಗ್ಗೆ ತೆಗೆಸಿದೆವು.

ಅಂಗಡಿಯಲ್ಲಿ ರಿಪೇರಿ ಅಂದರೆ ನಿಮ್ಮ ಕಣ್ಣೆದುರೇ ಜಾಲರಿ ಬದಲಿಸಲು ಹೇಳಿ. ಹಳೆಯ ಭಾಗ ವಾಪಸ್ ಕೇಳಿ. ಕೊಡದಿದ್ದರೆ ಎದ್ದು ಬನ್ನಿ.

ಮೊನ್ನೆ ಅದೇ ಅಂಗಡಿಯಿಂದ ಮೆಸೇಜ್ ಬಂತು. ಮಳೆಗಾಲದ ಆಫರ್ ಅಂತೆ, ಮಷಿನ್ ಒಣಗಿಸುವ ಡಬ್ಬಿ ಮತ್ತು ಜೆಲ್, 1,200 ರೂಪಾಯಿ. ಅದೇ ಡಬ್ಬಿ, ಅದೇ ಜೆಲ್, ಡಿಸೆಂಬರ್‌ನ ಬಾಕ್ಸ್‌ನಲ್ಲೇ ಇದ್ದದ್ದು.