ಲೆನ್ಸ್ ಬದಲಿಸಿ ಅಂದರೆ ದುಡ್ಡು ಬಿಚ್ಚಬೇಡಿ, ಮೊದಲು ಫಿಲ್ಟರ್ ಬಿಚ್ಚಿ

ಕ್ಯಾಮೆರಾ ಕೊಳ್ಳುವಾಗ 'ಕಾಂಬೋ' ಅಂತ ಲೆನ್ಸ್ ಮುಂದೆ ಹಾಕುವ ಯುವಿ ಫಿಲ್ಟರ್ ಗಾಜು ಮತ್ತು ಪಕ್ಕದ ಬೆಳಕು ತಡೆಯುವ ಹುಡ್ ಸೇರಿಸಿ ಕೊಡುತ್ತಾರಲ್ಲ, ಅದರ ಬಗ್ಗೆ ಎಚ್ಚರವಾಗಿರಿ. ನಮ್ಮ ಮನೆಯ ಒಂದು ಒಳ್ಳೆಯ ದಿನದ ಫೋಟೋಗಳೆಲ್ಲ ಇದರಿಂದ ಹಾಳಾದವು. ಅದು ಸಾಲದು ಅಂತ, ಅದೇ ಅಂಗಡಿಯವರು ನನಗೆ ಇನ್ನೊಂದು ಲೆನ್ಸ್ ಮಾರಲು ಹೊರಟಿದ್ದರು.

ಅಕ್ಕನ ಮಗಳ ನಿಶ್ಚಿತಾರ್ಥ ಚಿಕ್ಕಬಳ್ಳಾಪುರದಲ್ಲಿ ಆಯಿತು. ಚಳಿಗಾಲ. ಸಂಜೆ ಐದರ ಹೊತ್ತಿಗೆ ಎಲ್ಲರೂ ಕಂದವಾರ ಕೆರೆ ಕಡೆ ಹೋದೆವು. ಹಿಂದೆ ನಂದಿ ಬೆಟ್ಟ ಕಾಣುವ ಹಾಗೆ ಜನರನ್ನು ನಿಲ್ಲಿಸಿದೆ. ಆ ಕಾಲದಲ್ಲಿ ಸೂರ್ಯ ಬೆಟ್ಟದ ಬಲಗಡೆ ಇಳಿಯುತ್ತಾನೆ. ಅವನು ಫೋಟೋದೊಳಗೆ ಬರುತ್ತಿರಲಿಲ್ಲ, ಆದರೆ ಅಂಚಿನ ಸ್ವಲ್ಪವೇ ಆಚೆ ಇದ್ದ. ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದರೆ ಎಲ್ಲ ಫೋಟೋ ಮೇಲೂ ಕಿತ್ತಳೆ ಬಣ್ಣದ ತೆಳು ಪರದೆ ಎಳೆದ ಹಾಗಿತ್ತು. ಕಪ್ಪು ಕೂದಲು ಬೂದು ಬಣ್ಣಕ್ಕೆ ತಿರುಗಿತ್ತು. ಅಕ್ಕನ ಹಸಿರು ರೇಷ್ಮೆ ಸೀರೆ ಹತ್ತು ವರ್ಷ ಒಗೆದ ಬಟ್ಟೆಯ ಹಾಗೆ ಮಾಸಿ ಕಾಣುತ್ತಿತ್ತು. ಫೋಕಸ್ ಮಾತ್ರ ಸರಿಯಾಗಿಯೇ ಇತ್ತು.

ಅಂಗಡಿಗೆ ಒಯ್ದು ತೋರಿಸಿದೆ. "ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್ ಅಲ್ವಾ ಸರ್, ಇಷ್ಟೇ ಬರೋದು. ಒಳ್ಳೇ ಲೆನ್ಸ್ ತಗೊಳ್ಳಿ" ಅಂದರು. ಹಳೆಯದನ್ನು ಎಕ್ಸ್‌ಚೇಂಜ್ ಮಾಡಿಕೊಡುತ್ತೇನೆ ಅಂತ ಲೆಕ್ಕವನ್ನೂ ಹಾಕಿದರು. ಮುಂದೆ ಹಾಕಿದ್ದ ಫಿಲ್ಟರ್ ಅವರೇ ಮಾರಿದ್ದು. ಅದನ್ನು ಬಿಚ್ಚಿ ನೋಡುವ ಮಾತು ಅವರ ಬಾಯಲ್ಲಿ ಬರಲೇ ಇಲ್ಲ.

ಬಿಚ್ಚಿದ್ದು ಚಿಂತಾಮಣಿಯಲ್ಲಿ ಸ್ಟುಡಿಯೋ ಇಟ್ಟಿರುವ ಪರಿಚಯದ ಅಣ್ಣ. ಬಾಗಿಲಿನ ಹತ್ತಿರ ಕಪ್ಪು ಕ್ಯಾಮೆರಾ ಬ್ಯಾಗ್ ಇಟ್ಟರು. ಹಿಂದೆ ರಸ್ತೆಯ ಬಿಸಿಲು. ಮ್ಯಾನುಯಲ್ ಮೋಡ್‌ಗೆ ಹಾಕಿ, ಯಾವ ಸೆಟ್ಟಿಂಗೂ ಬದಲಿಸದೆ ಫಿಲ್ಟರ್ ಇಟ್ಟು ಒಂದು ಫೋಟೋ, ತೆಗೆದು ಒಂದು ಫೋಟೋ ಹೊಡೆದರು. ಮೊದಲನೆಯದರಲ್ಲಿ ಬ್ಯಾಗ್ ಬೂದು, ಎರಡನೆಯದರಲ್ಲಿ ಕಪ್ಪು. ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟಿದೆ ಅಂತ ತೋರಿಸುವ ಹಿಸ್ಟೋಗ್ರಾಂ ಗ್ರಾಫ್‌ನಲ್ಲಿ ಇನ್ನೂ ಸ್ಪಷ್ಟ. ಫಿಲ್ಟರ್ ಇದ್ದಾಗ ಗುಡ್ಡ ಎಡಗೋಡೆಯಿಂದ ದೂರ ಶುರುವಾಗುತ್ತಿತ್ತು, ತೆಗೆದಾಗ ಗೋಡೆ ಮುಟ್ಟುತ್ತಿತ್ತು. "ಲೆನ್ಸ್ ಚೆನ್ನಾಗಿದೆ, ಮಾರಬೇಡ" ಅಂದರು.

ಕಾರಣ ಸರಳ. ಕೋಟಿಂಗ್ ಇಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು 4% ಬೆಳಕನ್ನು ವಾಪಸ್ ಎಸೆಯುತ್ತದೆ. ಫಿಲ್ಟರ್‌ಗೆ ಎರಡು ಮೈ, ಅಂದರೆ ಹತ್ತಿರ ಹತ್ತಿರ 8%. ಪ್ರತಿಫಲನ ತಡೆಯುವ ಹಲವು ಪದರ ಬಳಿದ ಒಳ್ಳೆಯ ಮಲ್ಟಿಕೋಟೆಡ್ ಗಾಜಿನಲ್ಲಿ ಇದು ಒಂದು ಮೈಗೆ ಅರ್ಧ ಶೇಕಡಾಕ್ಕಿಂತ ಕಡಿಮೆ ಇರುತ್ತದೆ. ಹೀಗೆ ಎಸೆದ ಬೆಳಕಿನಲ್ಲಿ ಒಂದಿಷ್ಟು ಲೆನ್ಸ್ ಮತ್ತು ಫಿಲ್ಟರ್ ನಡುವೆ ಓಡಾಡಿ ಕೊನೆಗೆ ಸೆನ್ಸರ್ ಮೇಲೆ ಹರಡುತ್ತದೆ. ಬಿಳಿ ಜಾಗಕ್ಕೆ ಅದು ಗೊತ್ತೇ ಆಗುವುದಿಲ್ಲ. ಕಪ್ಪು ಜಾಗದಲ್ಲಿ ಬೆಳಕೇ ಇಲ್ಲವಲ್ಲ, ಅಲ್ಲಿ ಅಷ್ಟೇ ಬೆಳಕು ಎದ್ದು ಕಾಣುತ್ತದೆ. ಇದನ್ನೇ ವೇಲಿಂಗ್ ಗ್ಲೇರ್ ಅನ್ನುತ್ತಾರೆ. ನನ್ನ ಫಿಲ್ಟರ್ ಮೇಲೆ ಜಿಡ್ಡಿನ ತೆಳು ಪೊರೆಯೂ ಇತ್ತು. ನೇರವಾಗಿ ನೋಡಿದರೆ ಕಾಣದು. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದಾಗ ಕಾಮನಬಿಲ್ಲಿನ ಹಾಗೆ ಹೊಳೆಯಿತು. ಕಾಂಬೋದಲ್ಲಿ ಕೊಟ್ಟ ಬಟ್ಟೆಯಿಂದ ಒರೆಸಿದಷ್ಟೂ ಅದು ಹರಡುತ್ತಿತ್ತು, ಹೋಗುತ್ತಿರಲಿಲ್ಲ. ಮೊದಲು ಬ್ಲೋವರ್‌ನಿಂದ ಧೂಳು ಹಾರಿಸಬೇಕು. ಆಮೇಲೆ ಶುದ್ಧವಾದ ಮೈಕ್ರೋಫೈಬರ್ ಬಟ್ಟೆಗೆ ಎರಡು ಹನಿ ಲೆನ್ಸ್ ದ್ರಾವಣ ಹಾಕಿ ಒರೆಸಬೇಕು. ಗಾಜಿನ ಮೇಲೆ ನೇರವಾಗಿ ಹಾಕಬಾರದು.

ಯುವಿ ತಡೆಯಲು ಅಂತ ಡಿಜಿಟಲ್ ಕ್ಯಾಮೆರಾಗೆ ಈ ಫಿಲ್ಟರ್ ಬೇಕಾಗಿಯೇ ಇಲ್ಲ. ಲೆನ್ಸಿನ ಗಾಜು ಮತ್ತು ಸೆನ್ಸರ್ ಮುಂದಿನ ಪದರ ಸೇರಿ ಆ ಕೆಲಸವನ್ನು ಬಹುಪಾಲು ಮಾಡಿಬಿಡುತ್ತವೆ. ಧೂಳು, ಮಳೆ ಹನಿಯಿಂದ ಕಾಪಾಡಲು ಹಾಕುವುದಾದರೆ ಮಲ್ಟಿಕೋಟೆಡ್ ಫಿಲ್ಟರನ್ನೇ ತೆಗೆದುಕೊಳ್ಳಿ. ಅಂಗಡಿಯಲ್ಲಿ ಟ್ಯೂಬ್‌ಲೈಟ್ ಕೆಳಗೆ ಹಿಡಿದು ಪ್ರತಿಬಿಂಬ ನೋಡಿ. ಒಳ್ಳೆಯದರಲ್ಲಿ ಅದು ಮಸುಕಾಗಿ ಹಸಿರು ಅಥವಾ ನೇರಳೆ ಛಾಯೆಯಲ್ಲಿ ಇರುತ್ತದೆ. ಕಿಟಕಿ ಗಾಜಿನಲ್ಲಿ ಕಾಣುವ ಹಾಗೆ ಬೆಳ್ಳಗೆ ಕಂಡರೆ ವಾಪಸ್ ಕೊಟ್ಟುಬಿಡಿ.

ಇನ್ನು ಆ ಹುಡ್. ದಳದ ಆಕಾರ ಇರುವುದೆಲ್ಲ ಒಳ್ಳೆಯ ಹುಡ್ ಅಂತ ಅಂಗಡಿಯವರು ಹೇಳಿದ್ದರು. ಆ ದಳಗಳು ಚೌಕಟ್ಟಿನ ಆಕಾರಕ್ಕೆ ಹೊಂದುವಂತೆ ಕತ್ತರಿಸಿದವು. ಉದ್ದ ದಳಗಳು ಮೇಲೆ ಕೆಳಗೆ, ಗಿಡ್ಡವು ಎಡಬಲಕ್ಕೆ ಬರಬೇಕು. ನನಗೆ ಕೊಟ್ಟಿದ್ದು ಫಿಲ್ಟರ್ ಥ್ರೆಡ್‌ಗೆ ತಿರುಗಿಸಿ ಹಾಕುವಂಥದ್ದು. ಬಿಗಿ ಮಾಡಿದಾಗ ದಳಗಳು ಎಲ್ಲೋ ಓರೆಯಾಗಿ ನಿಲ್ಲುತ್ತಿದ್ದವು. ಸಾಲದ್ದಕ್ಕೆ, ನನ್ನ ಹಳೆಯ 18-55 ಲೆನ್ಸಿನಲ್ಲಿ ಫೋಕಸ್ ಮಾಡುವಾಗ ಮುಂಭಾಗವೇ ತಿರುಗುತ್ತದೆ, ಹುಡ್ಡೂ ಜೊತೆಗೆ ತಿರುಗುತ್ತದೆ. ಒಳಮೈ ಬೇರೆ ನುಣ್ಣಗೆ ಹೊಳೆಯುವ ಪ್ಲಾಸ್ಟಿಕ್. ತಡೆಯಬೇಕಾದ ಬೆಳಕನ್ನು ಅದೇ ಒಳಗೆ ತಳ್ಳುತ್ತಿತ್ತು. ಸರಿಯಾದ ಹುಡ್ಡಿನ ಒಳಗೆ ಮಂಕಾದ ಕಪ್ಪು ಬಣ್ಣ ಇಲ್ಲವೇ ಸಣ್ಣ ಗೆರೆಗಳಿರುತ್ತವೆ. ನಿಮ್ಮ ಲೆನ್ಸಿಗೆ ಯಾವ ಮಾದರಿ ಹುಡ್ ಅಂತ ಲೆನ್ಸಿನ ಕೈಪಿಡಿಯಲ್ಲೇ ಬರೆದಿರುತ್ತಾರೆ, ಆ ಹೆಸರು ಹೇಳಿ ಕೇಳಿ.

ಸರಿಯಾದ ಹುಡ್ ಇದ್ದರೂ ಅದಕ್ಕೆ ಮಿತಿ ಇದೆ. ಜೂಮ್ ಲೆನ್ಸಿನ ಹುಡ್ 18 ಮಿ.ಮೀ.ನ ಅಗಲ ನೋಟಕ್ಕೆ ಅಡ್ಡ ಬರದ ಹಾಗೆ ಗಿಡ್ಡವಾಗಿರುತ್ತದೆ, ಹತ್ತಿರ ಎಳೆದು 55ಕ್ಕೆ ಹೋದಾಗ ಸಾಕಾಗುವುದಿಲ್ಲ. ಆಗ ಯಾರನ್ನಾದರೂ ಪಕ್ಕದಲ್ಲಿ ನಿಲ್ಲಿಸಿ, ಕೈಯೋ ಪುಸ್ತಕವೋ ಅಡ್ಡ ಹಿಡಿಸಿ. ಮುಂದಿನಿಂದ ನೋಡಿದಾಗ ಲೆನ್ಸಿನ ಗಾಜಿನ ಮೇಲೆ ಪೂರ್ತಿ ನೆರಳು ಬೀಳಬೇಕು, ಕೈ ಮಾತ್ರ ಫೋಟೋದೊಳಗೆ ಬರಬಾರದು. ಸೂರ್ಯನೇ ಫೋಟೋದೊಳಗೆ ಇದ್ದರೆ ಯಾವ ಹುಡ್ಡೂ ಕೆಲಸಕ್ಕೆ ಬರುವುದಿಲ್ಲ. ಫಿಲ್ಟರ್ ತೆಗೆದು, ಗಾಜು ಒರೆಸಿ ಹೊಡೆಯಬೇಕು, ಅಷ್ಟೇ.

ಹೊಡೆದಿದ್ದನ್ನು ಎಡಿಟಿಂಗ್‌ನಲ್ಲಿ ಎಷ್ಟು ಉಳಿಸಬಹುದು ಅಂತ ಆ ಅಣ್ಣನ ಜೊತೆ ಕೂತು ನೋಡಿದೆ. ಅಕ್ಕನ ಕೂದಲಿನ ಮೇಲೆ ಕರ್ಸರ್ ಇಟ್ಟರೆ ಕೆಂಪು 70, ಹಸಿರು 58, ನೀಲಿ 46; ಸೊನ್ನೆ ಅಂದರೆ ಪೂರ್ತಿ ಕಪ್ಪು. ಅಲ್ಲಿ ಮೂರೂ 15ರ ಸುತ್ತಮುತ್ತ ಇರಬೇಕಿತ್ತು. ಸಂಜೆ ಬೆಳಕಾದ್ದರಿಂದ ಮಬ್ಬಿನಲ್ಲಿ ಕೆಂಪೇ ಜಾಸ್ತಿ. ಹಾಗಾಗಿ ಲೆವೆಲ್ಸ್‌ನಲ್ಲಿ ಮೂರು ಚಾನೆಲ್‌ಗಳ ಎಡಗಡೆಯ ಹಿಡಿಯನ್ನು ಬೇರೆ ಬೇರೆ ಎಳೆದೆವು: ಕೆಂಪು 55, ಹಸಿರು 43, ನೀಲಿ 31. ಕೂದಲು ಕಪ್ಪಾಯಿತು, ಸೀರೆಗೆ ಹಸಿರು ವಾಪಸ್ ಬಂತು. ಮಬ್ಬು ಕಳೆಯುವ ಡಿಹೇಝ್ ಅನ್ನು ಇಡೀ ಫೋಟೋಗೆ ಹಾಕಿದರೆ ಮುಖಗಳು ಕೆಂಪಡರಿ ಕಪ್ಪಾದವು. ಸೂರ್ಯ ಇದ್ದ ಬಲಗಡೆಗೆ ಮಾತ್ರ ಗ್ರೇಡಿಯೆಂಟ್ ಮಾಸ್ಕ್ ಎಳೆದು ಸ್ವಲ್ಪವೇ ಹಾಕಿದಾಗ ಸರಿಹೋಯಿತು. ಆದರೂ ಕೂದಲಿನ ನೆರಳಲ್ಲಿ ಕಾಳು ಕಾಳಾಗಿ ಕಾಣುವ ನಾಯ್ಸ್ ಉಳಿಯಿತು. ಮಬ್ಬನ್ನು ಕಳೆಯಬಹುದು, ಅದು ತಂದ ನಾಯ್ಸ್ ಹೋಗುವುದಿಲ್ಲ. ಸೆನ್ಸರ್ ದಾಖಲಿಸಿದ್ದನ್ನು ಹಾಗೇ ಉಳಿಸುವ ರಾ ಫೈಲ್‌ಗಳು ಇದ್ದದ್ದಕ್ಕೆ ಇಷ್ಟಾದರೂ ಆಯಿತು. ಜೆಪೆಗ್‌ನಲ್ಲಿ ಮಾತ್ರ ಇದ್ದ ಫೋಟೋಗಳನ್ನು ಎಳೆದಾಗ ಆಕಾಶದಲ್ಲಿ ಪಟ್ಟೆ ಪಟ್ಟೆ ಎದ್ದಿತು.

ಛತ್ರದೊಳಗೆ ರಾತ್ರಿ ಹೊಡೆಯುವವರು ಇನ್ನೊಂದು ನೋಡಿಕೊಳ್ಳಿ. ಸೀರಿಯಲ್ ಲೈಟ್ ಎಡ ಮೇಲ್ಮೂಲೆಯಲ್ಲಿದ್ದರೆ ಬಲ ಕೆಳಮೂಲೆಯಲ್ಲಿ ತಲೆಕೆಳಗಾದ ಮಂದ ಚುಕ್ಕಿಗಳು ಕಾಣುತ್ತವಾ? ಕ್ಯಾಮೆರಾ ಅಲುಗಿಸಿದರೆ ದೀಪಕ್ಕೆ ಎದುರು ದಿಕ್ಕಿನಲ್ಲಿ ಓಡುತ್ತವಾ? ಫಿಲ್ಟರ್ ತೆಗೆದ ಮೇಲೆ ಮಾಯವಾದರೆ ಅದು ಫಿಲ್ಟರಿನದ್ದೇ. ಉಳಿದರೆ ಲೆನ್ಸಿನದ್ದು, ನಿಂತ ಜಾಗವನ್ನು ಒಂದೆರಡು ಹೆಜ್ಜೆ ಬದಲಿಸಿ. ಎಡಿಟಿಂಗ್‌ನಲ್ಲಿ ಲೆವೆಲ್ಸ್, ಡಿಹೇಝ್ ಎರಡೂ ಈ ಚುಕ್ಕಿಗಳನ್ನು ಅಳಿಸುವುದಿಲ್ಲ. ಹೀಲಿಂಗ್ ಬ್ರಷ್ ಹಿಡಿದು ಒಂದೊಂದಾಗಿ ತೆಗೆಯಬೇಕು. ಅವು ಮುಖದ ಮೇಲೆ ಬಿದ್ದಿದ್ದರೆ ಅದೂ ಕಷ್ಟ.