ಮಾಸಿದ ಓಲೆಗರಿಗೆ ಓರೆ ಬೆಳಕೋ, ಕಾಂಟ್ರಾಸ್ಟೋ?

ಬಸವನಗುಡಿಯ ನೆಂಟರ ಮನೆಯಲ್ಲಿ ಒಂದು ಓಲೆಕಟ್ಟಿದೆ. ಗರಿಗಳು ಕಡುಕಂದು ಬಣ್ಣಕ್ಕೆ ತಿರುಗಿವೆ. ಹೊಸದಾಗಿ ಮಸಿ ಹಚ್ಚೋದಕ್ಕೆ ಮನೆಯವರು ಒಪ್ಪಲಿಲ್ಲ. ಹಾಗಾಗಿ ಫೋಟೊದಲ್ಲೇ ಓದಬೇಕಾಯಿತು. ಓರೆ ಬೆಳಕು ಬಿಡುವುದು, ಫೋಟೊದ ಕಾಂಟ್ರಾಸ್ಟ್ ಹಿಗ್ಗಿಸುವುದು, ಈ ಎರಡು ವಿಧಾನಗಳನ್ನೂ ಅದೇ ಕಟ್ಟಿನ ಮೇಲೆ ಮಾಡಿ ನೋಡಿದೆ.

ಓಲೆಯ ಮೇಲೆ ಕಂಟದಿಂದ ಅಕ್ಷರ ಕೊರೆದು, ಆ ಗೀರುಗಳಿಗೆ ಮಸಿ ತುಂಬಿ, ಉಳಿದದ್ದನ್ನು ಒರೆಸುತ್ತಿದ್ದರು. ಆದ್ದರಿಂದ ಅಕ್ಷರ ಮಾಸುವುದರಲ್ಲೂ ಎರಡು ಥರ ಇದೆ. ಕೆಲವು ಗರಿಗಳಲ್ಲಿ ಮಸಿ ಹಾಗೇ ಇರುತ್ತದೆ, ಗರಿಯೇ ಕಪ್ಪಾಗಿರುತ್ತದೆ. ಇನ್ನು ಕೆಲವದರಲ್ಲಿ ಮಸಿ ಉದುರಿ ಬರೀ ಗೀರು ಉಳಿದಿರುತ್ತದೆ.

ಮಸಿ ಉಳಿದ ಗರಿಗೆ ಕಾಂಟ್ರಾಸ್ಟ್ ಹಿಗ್ಗಿಸುವುದೇ ಸುಲಭ. ಎರಡೂ ಕಡೆಯಿಂದ ಸಮನಾದ ಬೆಳಕು ಕೊಟ್ಟು ಫೋಟೊ ತೆಗೆದು, ಕೆಂಪು ಚಾನೆಲ್ ಮಾತ್ರ ಇಟ್ಟುಕೊಳ್ಳಿ. ಕಂದು ಗರಿ ಕೆಂಪಿನಲ್ಲಿ ತಿಳಿಯಾಗುತ್ತದೆ, ಕಾಡಿಗೆಯ ಮಸಿ ಮಾತ್ರ ಕಪ್ಪಾಗೇ ಇರುತ್ತದೆ. ಚಾನೆಲ್ ಬೇರ್ಪಡಿಸಿ ಹಿಗ್ಗಿಸೋದಕ್ಕೆ ImageMagick ತಂತ್ರಾಂಶದ ಈ ಒಂದು ಸಾಲು ಸಾಕು:

```
magick gari.tif -channel R -separate -contrast-stretch 1%x1% gari-r.png
```

ಇದು ತೀರಾ ಕಪ್ಪಾದ ಮತ್ತು ತೀರಾ ಬಿಳಿಯಾದ ಶೇ 1ರಷ್ಟು ಚುಕ್ಕೆಗಳನ್ನು ಬಿಟ್ಟು ಉಳಿದದ್ದನ್ನು ಪೂರ್ತಿ ಅಳತೆಗೆ ಎಳೆಯುತ್ತದೆ. ಗರಿಯಷ್ಟನ್ನೇ ಮೊದಲು ಕತ್ತರಿಸಿಕೊಳ್ಳಬೇಕು. ಹಿಂದೆ ಹಾಸಿದ ಕಪ್ಪು ಬಟ್ಟೆ ಫೋಟೊದಲ್ಲಿದ್ದರೆ ಆ ಶೇ 1 ಬಟ್ಟೆಗೇ ಖರ್ಚಾಗುತ್ತದೆ, ಅಕ್ಷರ ಇದ್ದಲ್ಲೇ ಇರುತ್ತದೆ.

ಬರೀ ಗೀರು ಉಳಿದ ಗರಿಗೆ ಇದರಿಂದ ಏನೂ ಆಗಲಿಲ್ಲ. ಕಲೆಗಳೇ ಎದ್ದು ಕಂಡವು. ಅಲ್ಲಿ ಓರೆ ಬೆಳಕೇ ಗೆದ್ದಿತು. ಕೋಣೆ ಕತ್ತಲು ಮಾಡಿ, ಎಲ್‌ಇಡಿ ದೀಪವನ್ನು ಗರಿಯ ಮಟ್ಟದಿಂದ ಸುಮಾರು 10–15 ಡಿಗ್ರಿ ಮೇಲೆ ಹಿಡಿದರೆ ಗೀರಿನೊಳಗೆ ನೆರಳು ಬೀಳುತ್ತದೆ. ದೀಪ ದೂರ ಇದ್ದಷ್ಟೂ ಒಳ್ಳೆಯದು. 40 ಸೆಂ.ಮೀ. ಗರಿಯ ಹತ್ತಿರದ ತುದಿಯಿಂದ 60 ಸೆಂ.ಮೀ. ದೂರದಲ್ಲಿಟ್ಟರೆ, ಆಚೆ ತುದಿಗೆ ಬೀಳುವ ಬೆಳಕು ಮೂರನೇ ಒಂದು ಭಾಗಕ್ಕೆ ಹತ್ತಿರ ಇಳಿಯುತ್ತದೆ.

ನಿಜವಾದ ತಲೆನೋವು ದಿಕ್ಕಿನದು. ಗರಿಯ ನಾರು ಉದ್ದಕ್ಕೆ ಓಡುತ್ತದೆ. ಎಡತುದಿಯಿಂದ ಬೆಳಕು ಬಿಟ್ಟರೆ ನಾರು ಅಡಗುತ್ತದೆ, ನಿಂತ ಗೆರೆಗಳು ಎದ್ದು ಕಾಣುತ್ತವೆ. ‘ದ’ ಅಲ್ಲ ‘ಧ’ ಅಂತ ತೋರಿಸುವ ಕೆಳಗಿನ ಸೀಳು ನನಗೆ ಸಿಕ್ಕಿದ್ದು ಹೀಗೇ. ಆದರೆ ತಲೆಕಟ್ಟು ಮಾಯ! ಮೇಲಿನ ಅಂಚಿನಿಂದ ಬಿಟ್ಟರೆ ತಲೆಕಟ್ಟು ಬರುತ್ತದೆ, ಜೊತೆಗೆ ಪ್ರತಿ ನಾರೂ ತಲೆಕಟ್ಟಿನಂತೆಯೇ ನಟಿಸುತ್ತದೆ. ಕ್ಯಾಮೆರಾ ಕದಲಿಸದೆ ಎಡದಿಂದ, ಮೇಲಿನಿಂದ, ಮೂಲೆಯಿಂದ ಒಂದೊಂದು ಫೋಟೊ ತೆಗೆದು, ಒಂದರ ಪಕ್ಕ ಒಂದಿಟ್ಟು ಓದುವುದೇ ವಾಸಿ.

ಗೀರೋ ಕಲೆಯೋ ಅನ್ನೋ ಅನುಮಾನ ಬಂದರೆ ದೀಪವನ್ನು ಎದುರು ಬದಿಗೆ ಸರಿಸಿ. ಗೀರಾದರೆ ನೆರಳು ಪಕ್ಕ ಬದಲಿಸುತ್ತದೆ, ಕಲೆ ಕದಲುವುದಿಲ್ಲ. ಓರೆ ಬೆಳಕಿನ ಫೋಟೊಗೂ ಕಾಂಟ್ರಾಸ್ಟ್ ಹಿಗ್ಗಿಸಬಹುದು, ಆದರೆ ಸ್ವಲ್ಪವೇ. ಜಾಸ್ತಿ ಎಳೆದರೆ ನಾರೂ ಅಷ್ಟೇ ಜೋರಾಗಿ ಏಳುತ್ತದೆ.

ಈಗ ನಾನು ಪ್ರತಿ ಗರಿಯ ಮೇಲೂ ಮೊದಲು ಟಾರ್ಚನ್ನು ಓರೆಯಾಗಿ ಆಡಿಸಿ ನೋಡುತ್ತೇನೆ. ಮಸಿ ಕಂಡರೆ ಒಂದೇ ಫೋಟೊ, ಬರೀ ಗೀರಾದರೆ ಮೂರು.