ಮೊಣಕೈ, ಪಾದ, ಕುತ್ತಿಗೆಯ ಸನ್ನೆ ಮಾದರಿ: ಕೆಲವು ವರ್ಷ ಬಳಸಿದ ಮೇಲೆ

ಕಲಬುರಗಿ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ದೇಹದಲ್ಲಿರುವ ಮೂರು ವರ್ಗದ ಸನ್ನೆಗಳನ್ನು ತೋರಿಸಲು ಮರದ ಈ ಮಾದರಿ ತರಿಸಿದೆವು. ಮೂರು ಕೀಲು, ಜೊತೆಗೆ 5 ಕಿಲೋವರೆಗೆ ಅಳೆಯುವ ಒಂದು ಸ್ಪ್ರಿಂಗ್ ತಕ್ಕಡಿ.

ಮೊಣಕೈ ಮಾದರಿ ತುಂಬಾ ಚೆನ್ನಾಗಿದೆ. ಕೀಲಿನಿಂದ 4 ಸೆಂ.ಮೀ. ದೂರದಲ್ಲಿ ತೋಳಿನ ಸ್ನಾಯುವಿನ ಕೊಕ್ಕೆ, 32 ಸೆಂ.ಮೀ. ದೂರದಲ್ಲಿ ಅಂಗೈ. ಅಂಗೈಗೆ ಅರ್ಧ ಕಿಲೋ ತೊಗರಿಬೇಳೆ ಪ್ಯಾಕೆಟ್ ಕಟ್ಟಿದರೆ ತಕ್ಕಡಿ 4 ಕಿಲೋ ಹತ್ತಿರ ತೋರಿಸುತ್ತದೆ. ಬಲ ನಡುವೆ ಇರುವ ಮೂರನೇ ವರ್ಗದ ಸನ್ನೆಯಲ್ಲಿ ಬಲ ಜಾಸ್ತಿ ಬೇಕು ಅನ್ನುವುದು ಮಕ್ಕಳಿಗೆ ಕಣ್ಣಾರೆ ಕಾಣುತ್ತದೆ. ಒಂದು ಕಿಲೋ ಕಟ್ಟಬೇಡಿ, 8 ಕಿಲೋ ಆಗಿ ತಕ್ಕಡಿಯ ಅಳತೆ ಮೀರುತ್ತದೆ. ಮರದ ಕೈಗೂ ತೂಕ ಇದೆ. ಬರಿಗೈ ಇದ್ದಾಗಿನ ಅಳತೆಯನ್ನು ಮೊದಲು ಬರೆದುಕೊಂಡು ಆಮೇಲೆ ಕಳೆಯಿರಿ.

ಪಾದದ ಮಾದರಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ತುದಿಗಾಲಲ್ಲಿ ನಿಂತಾಗ ಬೆರಳಿನ ಬುಡ ಆಧಾರ, ನಡುವೆ ಪಾದದ ಕೀಲಿನ ಮೇಲೆ ದೇಹದ ಭಾರ, ಹಿಂದೆ ಹಿಮ್ಮಡಿಯನ್ನು ಮೀನಖಂಡ ಮೇಲಕ್ಕೆ ಎಳೆಯುತ್ತದೆ. ಇದು ಎರಡನೇ ವರ್ಗ. ಬೆರಳಿನ ಬುಡದಿಂದ ಕೀಲಿಗೆ 12 ಸೆಂ.ಮೀ., ಹಿಮ್ಮಡಿಗೆ 16 ಸೆಂ.ಮೀ. ತಕ್ಕಡಿಯನ್ನು ಹೊರಗಿನ ಸ್ಟ್ಯಾಂಡಿಗೆ ಸಿಕ್ಕಿಸಿದರೆ ಒಂದು ಕಿಲೋ ಎತ್ತಲು 750 ಗ್ರಾಂ ಬಲ ಸಾಕು. ಜೊತೆಗೆ ಬಂದ ಪುಸ್ತಿಕೆ ಇಲ್ಲಿಗೇ ನಿಲ್ಲುತ್ತದೆ.

ಆದರೆ ಮೀನಖಂಡ ಹೊರಗಿನ ಸ್ಟ್ಯಾಂಡಿಗೆ ಅಂಟಿಲ್ಲ, ಅದು ನಮ್ಮ ಕಾಲಿಗೇ ಅಂಟಿದೆ ಅಲ್ವಾ? ಹಿಮ್ಮಡಿಯನ್ನು ಎಷ್ಟು ಬಲದಿಂದ ಮೇಲೆ ಎಳೆಯುತ್ತದೋ ಅಷ್ಟೇ ಬಲದಿಂದ ಕಾಲನ್ನು ಕೆಳಗೆ ಒತ್ತುತ್ತದೆ. ಆ ಒತ್ತಡವೂ ಕೀಲಿನ ಮೇಲೇ ಬೀಳುತ್ತದೆ. ತಕ್ಕಡಿಯ ಮೇಲಿನ ತುದಿಯನ್ನು ಮಾದರಿಯ ಕಾಲಿಗೇ ಕಟ್ಟಿ ನೋಡಿ, ಅದೇ ಒಂದು ಕಿಲೋಗೆ 3 ಕಿಲೋ ಹತ್ತಿರ ಬರುತ್ತದೆ. ಲೆಕ್ಕವೂ ಸರಿಹೋಗುತ್ತದೆ: ಹಿಂದೆ 3 ಕಿಲೋ ಎಳೆತ ಗುಣಿಸು 16, ಕೀಲಿನ ಮೇಲೆ 1 ಮತ್ತು 3 ಸೇರಿ 4 ಕಿಲೋ ಗುಣಿಸು 12. ಎರಡೂ 48. ಒಂಟಿ ತುದಿಗಾಲಲ್ಲಿ ನಿಂತರೆ ಮೀನಖಂಡ ಬೇಗ ನೋಯುವುದು ಯಾಕೆ ಅಂತ ಆಗ ಮಕ್ಕಳಿಗೆ ಹೊಳೆಯುತ್ತದೆ. ನಾನು ಎರಡೂ ರೀತಿ ಕಟ್ಟಿ ತೋರಿಸುತ್ತೇನೆ.

"ಸರ್, ತಿರುಗೋದು ಪಾದದ ಕೀಲು. ಹಂಗಾದ್ರ ಆಧಾರ ಅದೇ ಅಲ್ಲೇನ್ರಿ?" ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಕುರ್ಚಿಯಲ್ಲಿ ಕೂತು ಬೆರಳಿನಿಂದ ಪೆಡಲ್ ಒತ್ತುವಂತೆ ಮಾಡಿಸಿ. ಆಗ ಕೀಲೇ ಆಧಾರ, ಅದೇ ಪಾದ ಒಂದನೇ ವರ್ಗದ ಸನ್ನೆ.

ಕುತ್ತಿಗೆ ಮಾದರಿ ಸರಳ. ತಲೆಯ ಭಾರ ಕೀಲಿನ ಮುಂದೆ, ಹಿಂದೆ ಸ್ನಾಯು, ನಡುವೆ ಆಧಾರ. ಕೂತಲ್ಲೇ ನಿದ್ದೆ ಬಂದಾಗ ಸ್ನಾಯು ಸಡಿಲವಾಗಿ ಗದ್ದ ಎದೆಗೆ ಬೀಳುವುದು ಇದರಿಂದಲೇ. ಸ್ನಾಯುವಿನ ಜಾಗದಲ್ಲಿ ಕೊಟ್ಟ ರಬ್ಬರ್ ಮಾತ್ರ ನಮ್ಮ ಬೇಸಿಗೆಗೆ ಒಣಗಿ ಬಿರಿಯುತ್ತದೆ. ಸೈಕಲ್ ಟ್ಯೂಬ್ ಪಟ್ಟಿ ಹಾಕಿದ ಮೇಲೆ ಗಟ್ಟಿಯಾಗಿದೆ. ತಯಾರಿಸಿದವರು 10 ಕಿಲೋ ತಕ್ಕಡಿ ಕೊಟ್ಟಿದ್ದರೆ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ. ಈಗ ನಾಲ್ಕು.